ಬಣ್ಣ ಬದಲಾಗಲಿ, ತುಟಿಯ ಗೆರೆ ಉಳಿಯಲಿ

ಮೇಕಪ್ ಆ್ಯಪ್‌ನಲ್ಲಿ ಸೆಲ್ಫಿಗೆ ಮೆರೂನ್ ಲಿಪ್‌ಸ್ಟಿಕ್ ಹಾಕಿ ನೋಡಿದ್ರೆ ತುಟಿ ಪ್ಲಾಸ್ಟಿಕ್ ಥರ ಕಾಣ್ತಿದೆಯಾ? ಆ್ಯಪ್ ತುಟಿಯ ಮೇಲೆ ಒಂದೇ ಬಣ್ಣ ಬಳಿದುಬಿಟ್ಟಿದೆ, ಅದಕ್ಕೇ.

ಸರಿಯಾದ ಆ್ಯಪ್ ಮೊದಲು ತುಟಿಯ ಹೊರ ಅಂಚು, ಒಳ ಅಂಚು ಎರಡನ್ನೂ ಗುರುತಿಸುತ್ತೆ. ಒಳ ಅಂಚು ತಪ್ಪಿದ್ರೆ ಹಲ್ಲಿಗೂ ಬಣ್ಣ ಮೆತ್ತುತ್ತೆ.

ಆಮೇಲೆ ಫೋಟೊದ ಬೆಳಕು-ನೆರಳನ್ನು ಬಣ್ಣದಿಂದ ಬೇರೆ ಮಾಡಿ, ಬಣ್ಣವನ್ನಷ್ಟೇ ಮೆರೂನ್ ಕಡೆಗೆ ತಿರುಗಿಸುತ್ತೆ. ಶೇಡ್ ಗಾಢವಾದ್ದರಿಂದ ಇಡೀ ತುಟಿಯ ಬೆಳಕನ್ನು ಒಂದೇ ಹದದಲ್ಲಿ ಸ್ವಲ್ಪ ಇಳಿಸುತ್ತೆ. ಹಾಗಾಗಿ ಸಣ್ಣ ಗೆರೆ, ಹೊಳಪು ಹಾಗೇ ಉಳಿಯುತ್ತೆ. ಐಶ್ಯಾಡೊಗೂ ಇದೇ ಕ್ರಮ: ಬಣ್ಣ ರೆಪ್ಪೆಗೆ ಮಾತ್ರ, ಕಣ್ಣುಗುಡ್ಡೆಗಲ್ಲ.

ನಿಮ್ಮ ಆ್ಯಪ್ ಪರೀಕ್ಷಿಸಬೇಕಾ? ಹಲ್ಲು ಕಾಣೋ ಹಾಗೆ ನಕ್ಕು, ಕಿಟಕಿ ಬೆಳಕಲ್ಲಿ ಸೆಲ್ಫಿ ತೆಗೆದು ಝೂಮ್ ಮಾಡಿ. ಹಳದಿ ಬಲ್ಬಿನ ಕೆಳಗೆ ಬೇಡ, ಅಲ್ಲಿ ಚರ್ಮದ ಬಣ್ಣವೇ ಬೇರೆ ಕಾಣುತ್ತೆ. ಶೇಡ್ ಒಪ್ಪುತ್ತೋ ಇಲ್ಲವೋ ಗೊತ್ತಾಗಲ್ಲ.