30 ಸೆಕೆಂಡಿನಲ್ಲಿ ಟೈಲರ್ ಅಂಗಡಿಯ ಮಾತು

ಟೈಲರ್ ಅಂಗಡಿಯ 30 ಸೆಕೆಂಡಿನ ರೀಲಿಗೆ ಸುಮಾರು 45 ಕನ್ನಡ ಪದಗಳು ಸಾಕು. ಹೆಚ್ಚಾದರೆ ಮಾತು ಓಡುತ್ತದೆ. ಆದ್ದರಿಂದ ಎಲ್ಲ ಕೆಲಸಗಳ ಪಟ್ಟಿ ಕೊಡದೆ ಒಂದನ್ನೇ ಆರಿಸಿಕೊಳ್ಳಬೇಕು. ಮೊದಲು ಗಿರಾಕಿಯ ತೊಂದರೆ, ನಂತರ ಪರಿಹಾರ, ಕೊನೆಗೆ ಒಂದೇ ಕೋರಿಕೆ. ಬ್ಲೌಸ್ ಸಡಿಲಿಸುವ ಕೆಲಸಕ್ಕೆ ಮಾತು ಹೀಗಿರಬಹುದು:

“ಮದುವೆಗೆ ಹೋಗ್ಬೇಕು, ರೇಷ್ಮೆ ಬ್ಲೌಸ್ ತೋಳು ಏರ್ತಾನೇ ಇಲ್ವಾ? ಹೊಸದು ಹೊಲಿಸೋ ಮುಂಚೆ ನಮ್ಮ ಹತ್ರ ತನ್ನಿ. ಒಳಗೆ ಮಡಚಿರೋ ಬಟ್ಟೆ ಎಷ್ಟಿದೆ ಅಂತ ನಿಮ್ಮೆದುರೇ ನೋಡ್ತೀವಿ. ಇದ್ರೆ ಹೊಲಿಗೆ ಬಿಚ್ಚಿ ಸಡಿಲ ಮಾಡ್ತೀವಿ. ಇಲ್ದಿದ್ರೆ ಕಂಕುಳಲ್ಲಿ ಪಟ್ಟಿ ಸೇರಿಸ್ತೀವಿ. ಗಣಪತಿ ದೇವಸ್ಥಾನದ ಎದುರೇ ನಮ್ಮ ಅಂಗಡಿ. ಬಿಗಿಯಾದ ಬ್ಲೌಸ್ ಈ ಭಾನುವಾರದೊಳಗೆ ತಂದು ತೋರಿಸಿ.”

ರೇಷ್ಮೆಯಲ್ಲಿ ಹಳೆ ಹೊಲಿಗೆಯ ಗುರುತು ಉಳಿಯಬಹುದಾದ್ದರಿಂದ ಇಲ್ಲಿ ‘ಹೊಸದರಂತೆ ಮಾಡುತ್ತೇವೆ’ ಎಂಬ ಭರವಸೆಯಿಲ್ಲ. ಕಿವಿಗೆ ಬಿದ್ದ ಅಂಕಿ ನೆನಪಿನಲ್ಲಿ ನಿಲ್ಲುವುದು ಕಷ್ಟ. ಹಾಗಾಗಿ ಫೋನ್ ನಂಬರ್ ಪರದೆಯ ಮೇಲಿರಲಿ. ‘ಫೋನ್ ಮಾಡಿ, ಫಾಲೋ ಮಾಡಿ, ಶೇರ್ ಮಾಡಿ’ ಎಂದು ಒಟ್ಟಿಗೆ ಕೇಳಿದರೆ ಮುಖ್ಯ ಕೋರಿಕೆ ಮರೆಯಾಗುತ್ತದೆ. ಗಡಿಯಾರ ಹಿಡಿದು ಗಟ್ಟಿಯಾಗಿ ಓದಿದಾಗ 28 ಸೆಕೆಂಡು ಮೀರಿದರೆ ನಡುವಿನ ಒಂದು ವಾಕ್ಯ ತೆಗೆಯಬೇಕು, ಕೊನೆಯದನ್ನು ಮುಟ್ಟಬಾರದು.