14 ಮಿಲಿಮೀಟರ್ ದಪ್ಪ ಎಂದರೆ ಕ್ಯಾನ್ಸರೇ?

ಎರಡು ಮುಟ್ಟಿನ ನಡುವೆ ರಕ್ತ ಕಾಣಿಸಿಕೊಂಡಿತೆಂದು ನಲವತ್ತು ದಾಟಿದ ಹೆಣ್ಣುಮಗಳು ಹೇಳಿಕೊಂಡರೆ, ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಸಿಗುವ ಮೊದಲ ಉತ್ತರ ‘ಉಷ್ಣ ಆಗ್ಯಾದ’. ಎರಡು ತಿಂಗಳು ಕಳೆದ ಮೇಲೆ ‘ನಿಲ್ಲೋ ಕಾಲ ಬಂತು, ಹಿಂಗೇ ಆಗ್ತದ’. ಆಮೇಲೂ ನಿಲ್ಲದೆ ಸ್ಕ್ಯಾನ್ ಮಾಡಿಸಿದಾಗ ವರದಿಯಲ್ಲಿ ‘ಗರ್ಭಕೋಶದ ಒಳಪದರ ದಪ್ಪ, 14 ಮಿಲಿಮೀಟರ್’ ಎಂದಿದ್ದರೆ ಮಾತು ಒಮ್ಮೆಲೇ ಇನ್ನೊಂದು ತುದಿಗೆ ಹಾರುತ್ತದೆ: ‘ಚೀಲ ಕೆಟ್ಟದ, ತೆಗಿಸಿಬಿಡು.’ ಮೊದಲ ಎರಡು ಮಾತು ರೋಗವನ್ನು ಮುಚ್ಚಿಡುತ್ತವೆ. ಮೂರನೆಯದು ಇಲ್ಲದ ರೋಗಕ್ಕೂ ಅಂಗವನ್ನೇ ತೆಗೆಸುತ್ತದೆ.

ಉಷ್ಣದ ಮಾತನ್ನು ಬೇಗ ಮುಗಿಸೋಣ. ಬೆಲ್ಲ, ಪಪ್ಪಾಯಿ, ಖಾರ ತಿಂದದ್ದರಿಂದ ಗರ್ಭಕೋಶದಿಂದ ರಕ್ತ ಹೋಗುವುದಿಲ್ಲ. ಮುಟ್ಟು ನಿಲ್ಲುವ ಕಾಲದ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ. ಆ ವರ್ಷಗಳಲ್ಲಿ ಮುಟ್ಟು ಹಿಂದೆಮುಂದೆ ಆಗುವುದು ಉಂಟು. ಆದರೆ ಮುಟ್ಟು ಮುಗಿದು ಹತ್ತು ದಿನಕ್ಕೆ ಮತ್ತೆ ಕಲೆ ಕಾಣಿಸುವುದು, ಅದು ತಿಂಗಳುಗಟ್ಟಲೆ ಮರುಕಳಿಸುವುದು ವಯಸ್ಸಿನ ಲಕ್ಷಣವೆಂದು ಸುಮ್ಮನಿರುವಂಥದ್ದಲ್ಲ. ಅದಕ್ಕೆ ಕಾರಣ ಹುಡುಕಲೇಬೇಕು.

ಕಾರಣ ಹುಟ್ಟುವುದು ಹೀಗೆ. ಗರ್ಭಕೋಶದ ಒಳಪದರವನ್ನು ಪ್ರತಿ ತಿಂಗಳು ಈಸ್ಟ್ರೋಜನ್ ಬೆಳೆಸುತ್ತದೆ. ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ ಉತ್ಪತ್ತಿಯಾಗುವ ಪ್ರೊಜೆಸ್ಟರಾನ್ ಆ ಬೆಳವಣಿಗೆಗೆ ತಡೆ ಹಾಕುತ್ತದೆ. ನಲವತ್ತರ ನಂತರ ಹಲವು ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಆಗ ತಡೆ ಇಲ್ಲದೆ ಪದರ ಬೆಳೆಯುತ್ತಲೇ ಹೋಗಿ, ಆಧಾರ ಸಾಲದೆ ಅಲ್ಲಲ್ಲಿ ಕಿತ್ತು ರಕ್ತ ಸೋರುತ್ತದೆ. ದೇಹದ ತೂಕ ಹೆಚ್ಚಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಈ ಸಾಧ್ಯತೆ ಇನ್ನೂ ಹೆಚ್ಚು. ಇನ್ನೊಂದು ಕಾರಣವಾದ ಪಾಲಿಪ್ ಬೇರೆ. ಅದು ಪದರದ ಒಂದೇ ಜಾಗದಲ್ಲಿ, ಒಂದು ರಕ್ತನಾಳದ ಸುತ್ತ ಬೆಳೆದು ಗರ್ಭಕೋಶದ ಒಳಗೆ ಜೋತುಬೀಳುವ ಮೆತ್ತನೆಯ ಕುಡಿ. ಗೋಡೆಯ ಮಾಂಸದಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆಯೇ ಬೇರೆ, ಇದೇ ಬೇರೆ. ಊರಲ್ಲಿ ಎರಡನ್ನೂ ‘ಗಡ್ಡಿ’ ಎಂದೇ ಕರೆಯುವುದರಿಂದ ಒಬ್ಬರಿಗೆ ಆದ ಚಿಕಿತ್ಸೆಯನ್ನು ಇನ್ನೊಬ್ಬರು ಕೇಳುವಂತಾಗಿದೆ.

ಈಗ ಆ 14 ಮಿಲಿಮೀಟರಿಗೆ ಬರೋಣ. ಮುಟ್ಟು ನಿಲ್ಲದ ಹೆಂಗಸಿನಲ್ಲಿ ಈ ಅಂಕಿ ದಿನಕ್ಕೆ ತಕ್ಕಂತೆ ಬದಲಾಗುತ್ತದೆ. ಮುಟ್ಟು ಮುಗಿದ ಕೂಡಲೇ ಪದರ 2ರಿಂದ 4 ಮಿಲಿಮೀಟರ್ ಇರುತ್ತದೆ. ಮುಂದಿನ ಮುಟ್ಟು ಹತ್ತಿರವಾದಾಗ 14-16 ಮಿಲಿಮೀಟರ್ ಆದರೂ ಅದು ಸಹಜವೇ. ಹಾಗಾಗಿ ಯಾವ ದಿನ ಅಳೆದದ್ದು ಎಂದು ತಿಳಿಯದೆ ದಪ್ಪ, ತೆಳು ಎನ್ನುವುದಕ್ಕೆ ಅರ್ಥವಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಶಹಾಪುರ ತಾಲೂಕಿನ ಒಂದು ಹಳ್ಳಿ, ಹತ್ತಿ ಬಿಡಿಸುವ ಕೂಲಿಗೆ ಹೋಗುವ 43ರ ಹೆಂಗಸು ಎಂದುಕೊಳ್ಳಿ. ಆರು ತಿಂಗಳಿಂದ ನಡುವೆ ನಡುವೆ ರಕ್ತ ಕಾಣಿಸುತ್ತಿದೆ, ಏಣಿ ಹತ್ತಿದರೆ ಎದೆ ಬಡಿದುಕೊಳ್ಳುತ್ತದೆ, ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಮುಟ್ಟಾದ 22ನೇ ದಿನ ಸ್ಕ್ಯಾನ್ ಮಾಡಿದಾಗ 14 ಮಿಲಿಮೀಟರ್ ಬಂತು. ಮುಂದಿನ ತಿಂಗಳು ರಕ್ತ ನಿಂತ ಕೂಡಲೇ, 6ನೇ ದಿನ, ಯೋನಿಯ ಮೂಲಕ ಮತ್ತೆ ಸ್ಕ್ಯಾನ್ ಮಾಡಿದಾಗ ಪದರ ಬರೀ 5 ಮಿಲಿಮೀಟರ್. ಆದರೆ ಅದರ ಒಂದು ಬದಿಗೆ 12 ಮಿಲಿಮೀಟರಿನ ಬೆಳ್ಳಗಿನ ಗುಂಡು, ಅದಕ್ಕೊಂದೇ ರಕ್ತನಾಳ. ಅಂದರೆ ಪದರ ಇಡಿಯಾಗಿ ದಪ್ಪವಾಗಿರಲಿಲ್ಲ, ಅಲ್ಲಿದ್ದದ್ದು ಪಾಲಿಪ್. ಮೊದಲ ಸ್ಕ್ಯಾನಿನಲ್ಲಿ ಅದು ಸುತ್ತಲಿನ ಪದರದ ದಪ್ಪದಲ್ಲೇ ಮರೆಯಾಗಿತ್ತು. ಆದ್ದರಿಂದಲೇ ಮುಟ್ಟು ಶುರುವಾದ ದಿನದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ ಎಂದು ನಾನು ಎಲ್ಲರಿಗೂ ಹೇಳುವುದು.

ಆದರೆ ಸ್ಕ್ಯಾನೊಂದೇ ಸಾಲದು. ಮೊದಲು ವೈದ್ಯರು ಉಪಕರಣ ಹಾಕಿ ಗರ್ಭಕೊರಳನ್ನು ಕಣ್ಣಾರೆ ನೋಡಬೇಕು. ನಡುವೆ ರಕ್ತ ಹೋಗಲು, ಅದರಲ್ಲೂ ಸಂಭೋಗದ ನಂತರ ಕಾಣಿಸಿಕೊಳ್ಳಲು, ಗರ್ಭಕೊರಳಿನ ಕ್ಯಾನ್ಸರೂ ಕಾರಣವಾಗಬಹುದು. ಅದು ಹೊಟ್ಟೆಯ ಮೇಲಿನ ಸ್ಕ್ಯಾನಿನಲ್ಲಿ ಕಾಣದೇ ಹೋಗಬಹುದು. ನಲವತ್ತು ದಾಟಿದವರಲ್ಲಿ ಒಳಪದರದ ಚೂರು ತೆಗೆದು ಪರೀಕ್ಷಿಸುವುದೂ ಬೇಕು. ಹುಲ್ಲುಕಡ್ಡಿಯಷ್ಟು ಸಣ್ಣ ನಳಿಕೆಯಿಂದ ಇದನ್ನು ಹೊರರೋಗಿ ವಿಭಾಗದಲ್ಲೇ ತೆಗೆಯಬಹುದು. ಮುಟ್ಟಿನ ನೋವಿನಂಥ ನೋವು ಕೆಲವು ನಿಮಿಷ ಇರುತ್ತದೆ.

‘ಕ್ಲೀನ್ ಮಾಡಿಸೀವಿ, ಗಡ್ಡಿ ಹೋಗ್ಯಾದ’ ಎನ್ನುವವರು ಬಹಳ. ಡಿ ಅಂಡ್ ಸಿ ಎಂದರೆ ಒಳಗೆ ಕಾಣದೆ ಕೆರೆಯುವುದು. ಮೆತ್ತನೆಯ ಪಾಲಿಪ್ ಉಪಕರಣಕ್ಕೆ ಸಿಗದೆ ಜಾರಿಕೊಂಡು ಅಲ್ಲೇ ಉಳಿಯುವುದು ಸಾಮಾನ್ಯ. ಕೆರೆದ ಮೇಲೆ ಒಂದೆರಡು ತಿಂಗಳು ರಕ್ತ ನಿಂತು ಮತ್ತೆ ಶುರುವಾದರೆ ಈ ಅನುಮಾನ ಬರಬೇಕು. ಪಾಲಿಪ್‌ಗೆ ಸರಿಯಾದ ದಾರಿ ಹಿಸ್ಟರೋಸ್ಕೋಪಿ: ಯೋನಿಯ ಮೂಲಕ ಸಣ್ಣ ಕ್ಯಾಮೆರಾ ಹಾಕಿ, ಗರ್ಭಕೋಶವನ್ನು ಸಲೈನ್‌ನಿಂದ ಉಬ್ಬಿಸಿ, ಕಣ್ಣೆದುರೇ ಬುಡದಿಂದ ಕತ್ತರಿಸುವುದು. ಹೊಟ್ಟೆಗೆ ಗಾಯವಿಲ್ಲ, ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಎಲ್ಲ ತಾಲೂಕು ಆಸ್ಪತ್ರೆಗಳಲ್ಲಿ ಇದು ಇರುವುದಿಲ್ಲ. ಯಾದಗಿರಿ, ಕಲಬುರಗಿ, ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಿ. ತೆಗೆದ ತುಂಡನ್ನು ನೀವೇ ಲ್ಯಾಬಿಗೆ ಒಯ್ಯಬೇಕಾಗಿ ಬಂದರೆ ಅದು ಫಾರ್ಮಲಿನ್ ದ್ರಾವಣದಲ್ಲಿ ಇದೆಯೇ ಎಂದು ಕೇಳಿ. ನೀರಿನಲ್ಲಿಟ್ಟು ಒಯ್ದರೆ ತುಂಡು ಹಾಳಾಗಿ ಪರೀಕ್ಷೆಯೇ ವ್ಯರ್ಥ. ಪಾಲಿಪ್‌ಗಳಲ್ಲಿ ಬಹುಪಾಲು ನಿರುಪದ್ರವಿ, ಕ್ಯಾನ್ಸರ್ ಸಿಗುವುದು ನೂರರಲ್ಲಿ ಕೆಲವರಿಗಷ್ಟೇ. ಆದರೆ ಆ ಕೆಲವರು ಯಾರೆಂದು ಈ ಪರೀಕ್ಷೆಯೇ ಹೇಳಬೇಕು.

ಇನ್ನು ಚೀಲ ತೆಗೆಸುವ ಮಾತು. ನಮ್ಮ ಭಾಗಕ್ಕೆ ಇದು ಹೊಸದಲ್ಲ. ಸಣ್ಣಪುಟ್ಟ ತೊಂದರೆಗೂ ಗರ್ಭಕೋಶ ತೆಗೆದಿದ್ದಾರೆಂದು 2015ರಲ್ಲಿ ಕಲಬುರಗಿಯಲ್ಲಿ ತಾಂಡಾಗಳ ಲಂಬಾಣಿ ಹೆಂಗಸರು ಬೀದಿಗಿಳಿದಿದ್ದರು. 2023ರಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಹೇಳಿತು. ಗರ್ಭಕೋಶದ ಜತೆ ಅಂಡಾಶಯವನ್ನೂ ತೆಗೆದರೆ ನಲವತ್ತರಲ್ಲೇ ಮುಟ್ಟು ನಿಂತು, ಮೂಳೆ ಮತ್ತು ಹೃದಯಕ್ಕೆ ಪೆಟ್ಟು ಬೀಳುತ್ತದೆ. ಪಾಲಿಪ್‌ಗಾಗಲಿ, ಬರೀ ‘ದಪ್ಪ’ ಎಂಬ ಸ್ಕ್ಯಾನ್ ಚೀಟಿಗಾಗಲಿ ಈ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಚೂರಿನ ವರದಿ ಬರುವ ತನಕ ಕಾಯಿರಿ.

ಪದರ ನಿಜಕ್ಕೂ ಅತಿಯಾಗಿ ಬೆಳೆದಿದ್ದರೆ ಆ ವರದಿಯಲ್ಲಿ ಹುಡುಕಬೇಕಾದ ಪದ ‘ಅಟಿಪಿಯಾ’, ಅಂದರೆ ಜೀವಕೋಶಗಳು ವಿಕಾರಗೊಂಡಿರುವುದು. ಅಟಿಪಿಯಾ ಇದ್ದರೆ ಒಳಗೆ ಕ್ಯಾನ್ಸರ್ ಅಡಗಿರುವ ಸಾಧ್ಯತೆ ಗಣನೀಯ, ಆಗ ಗರ್ಭಕೋಶ ತೆಗೆಯುವುದೇ ಸರಿ. ಇಲ್ಲದಿದ್ದರೆ 20 ವರ್ಷದಲ್ಲಿ ಅದು ಕ್ಯಾನ್ಸರ್ ಆಗುವ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಡಿಮೆ. ಪ್ರೊಜೆಸ್ಟರಾನ್ ಗುಂಪಿನ ಗುಳಿಗೆ ಅಥವಾ ಅದೇ ಔಷಧ ಬಿಡುವ ಗರ್ಭಕೋಶದ ಸಾಧನದಿಂದ ಬಹಳಷ್ಟು ಜನಕ್ಕೆ ಪದರ ಸರಿಹೋಗುತ್ತದೆ. ಚಿಕಿತ್ಸೆ ಹೆಚ್ಚಾಗಿ ಕೆಡುವುದು ರಕ್ತ ನಿಂತ ಕೂಡಲೇ ಗುಳಿಗೆ ಬಿಡುವುದರಲ್ಲಿ. ಕನಿಷ್ಠ 6 ತಿಂಗಳು ತೆಗೆದುಕೊಂಡು, ಆಮೇಲೆ ಮತ್ತೆ ಚೂರು ತೆಗೆಸಿ ನೋಡಬೇಕು. ಮೊದಲ ಬಾರಿ ಸರಿ ಬಂದರೂ 6 ತಿಂಗಳ ಅಂತರದಲ್ಲಿ ಇನ್ನೊಮ್ಮೆ ನೋಡಿದ ಮೇಲೆಯೇ ವೈದ್ಯರು ಗುಣವಾಗಿದೆ ಎನ್ನುವುದು.

ಮುಟ್ಟು ನಿಂತು ವರ್ಷ ಕಳೆದವರಿಗೆ ಮಾತ್ರ ಲೆಕ್ಕ ಬೇರೆ. ಅವರಲ್ಲಿ ಪದರ 4 ಮಿಲಿಮೀಟರಿಗಿಂತ ಹೆಚ್ಚಿದ್ದು ರಕ್ತ ಕಾಣಿಸಿದರೆ, ಅದು ಒಂದೇ ಹನಿಯಾದರೂ, ಯಾವ ದಿನವೆಂದು ಕಾಯದೆ ಅದೇ ವಾರ ಚೂರು ಪರೀಕ್ಷೆಗೆ ಹೋಗಬೇಕು.