ಮನೆಸಾಲದ ಪತ್ರ: ಸಹಿಗೆ ಮುನ್ನ ಓದಲೇಬೇಕಾದ ಸಾಲುಗಳು

ಸಾಲ ಮಂಜೂರಾದ ದಿನ ಬ್ಯಾಂಕಿನವರು ಮುಂದಿಡುವ ಕಾಗದದ ಕಟ್ಟಿನಲ್ಲಿ ಹೆಚ್ಚಿನವರು ನೋಡುವುದು ಮೂರೇ ಅಂಕಿಗಳನ್ನು: ಸಾಲದ ಮೊತ್ತ, ಬಡ್ಡಿ ದರ, ತಿಂಗಳ ಕಂತು. ಕಂತು ತಪ್ಪದೆ ನಡೆದರೆ ಅಷ್ಟು ಸಾಕು. ಆದರೆ ಇಪ್ಪತ್ತು ವರ್ಷ ಅಂದರೆ ಸಣ್ಣ ಅವಧಿಯಲ್ಲ. ವ್ಯಾಪಾರ ಕುಸಿಯಬಹುದು, ಕಾಯಿಲೆ ಬರಬಹುದು. ಊರಿನ ಜಮೀನು ಮಾರಿ ಒಮ್ಮೆಗೇ ಹಣ ಕೈಸೇರಲೂಬಹುದು. ಅಂಥ ದಿನ ಲೆಕ್ಕಕ್ಕೆ ಬರುವುದು ಪತ್ರದ ನಡುಪುಟಗಳಲ್ಲಿ ಸಣ್ಣಕ್ಷರದಲ್ಲಿರುವ ಷರತ್ತುಗಳು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವವರೊಬ್ಬರು ಮನೆ ಕೊಳ್ಳಲು 30 ಲಕ್ಷ ರೂಪಾಯಿ ಸಾಲ ತೆಗೆದಿದ್ದಾರೆ ಎಂದುಕೊಳ್ಳಿ. ಬಡ್ಡಿ ಶೇ 9, ಅವಧಿ 20 ವರ್ಷ. ತಿಂಗಳ ಕಂತು 26,992 ರೂಪಾಯಿ ಆಗುತ್ತದೆ.

ಕಂತು ತಪ್ಪಿದರೆ ಎಷ್ಟು?

ಕಂತು ತಪ್ಪಿದಾಗ ಹಾಕುವ ದಂಡವನ್ನು ನಮ್ಮ ಕಡೆ ಸುಸ್ತಿ ಬಡ್ಡಿ ಎನ್ನುತ್ತಾರೆ. ಪತ್ರದಲ್ಲಿ ‘ಸುಸ್ತಿಯಾದರೆ ಶೇ 2’ ಎಂದಿದ್ದರೆ ಅಲ್ಲಿಗೆ ನಿಲ್ಲಬೇಡಿ. ಅದು ತಿಂಗಳಿಗೋ ವರ್ಷಕ್ಕೋ, ಯಾವ ಮೊತ್ತದ ಮೇಲೆ ಎಂಬ ಎರಡು ಪ್ರಶ್ನೆ ಕೇಳಿ. ತಪ್ಪಿದ ಒಂದು ಕಂತಿನ ಮೇಲೆ ವರ್ಷಕ್ಕೆ ಶೇ 2 ಅಂದರೆ ಆ ತಿಂಗಳ ದಂಡ ಸುಮಾರು 45 ರೂಪಾಯಿ. ಅದೇ ಕಂತಿನ ಮೇಲೆ ತಿಂಗಳಿಗೆ ಶೇ 2 ಆದರೆ 540 ರೂಪಾಯಿ. ತಪ್ಪಿದ ಕಂತನ್ನು ಬಿಟ್ಟು ಪೂರ್ತಿ 30 ಲಕ್ಷದ ಮೇಲೆ ವರ್ಷಕ್ಕೆ ಶೇ 2 ಎಂದು ಎಣಿಸಿದರೆ ಒಂದೇ ತಿಂಗಳಿಗೆ 5,000 ರೂಪಾಯಿ. ದರ ನೋಡಲು ಮೂರು ಕಡೆಯೂ ಶೇ 2 ಮಾತ್ರ.

ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಆದೇಶ ಇದಕ್ಕೆ ಕಡಿವಾಣ ಹಾಕಿತು. ಸುಸ್ತಿಗೆ ವಿಧಿಸುವುದು ‘ದಂಡ ಶುಲ್ಕ’ವಾಗಿರಬೇಕೇ ಹೊರತು ಬಡ್ಡಿ ದರಕ್ಕೆ ಸೇರಿಸುವ ಹೆಚ್ಚುವರಿ ಬಡ್ಡಿ ಆಗಬಾರದು. ಅದನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಕಂತು ತಪ್ಪಿದ್ದಕ್ಕೆ ಹಾಕುವ ದಂಡ ತಪ್ಪಿದ ಮೊತ್ತದ ಮೇಲೆ ಮಾತ್ರ ಇರಬೇಕು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಅನ್ವಯ. ಹಳೆಯ ಸಾಲಗಳೂ ಅದೇ ವರ್ಷದ ಜೂನ್ ಕೊನೆಯೊಳಗೆ ಈ ಪದ್ಧತಿಗೆ ಬರಬೇಕಿತ್ತು. ಆಮೇಲಿನ ಖಾತೆ ಪಟ್ಟಿಯಲ್ಲೂ ದಂಡದ ಬಡ್ಡಿ ಅಸಲಿಗೆ ಸೇರಿಕೊಂಡು ಬೆಳೆಯುತ್ತಿದ್ದರೆ ಲಿಖಿತವಾಗಿ ವಿವರಣೆ ಕೇಳಬಹುದು. ಹಾಗೆಂದು ತಪ್ಪಿದ ಕಂತಿಗೆ ಬಡ್ಡಿಯೇ ಇಲ್ಲ ಎಂದಲ್ಲ. ಒಪ್ಪಂದದ ಮಾಮೂಲಿ ಬಡ್ಡಿ ಓಡುತ್ತಲೇ ಇರುತ್ತದೆ.

ಇಲ್ಲೊಂದು ಎಚ್ಚರ. ಬ್ಯಾಂಕು, ಗೃಹಸಾಲ ಸಂಸ್ಥೆ, ಹಣಕಾಸು ಕಂಪನಿಗಳಿಗೆ ಈ ನಿಯಮ ಅನ್ವಯಿಸುತ್ತದೆ. ಪತ್ತಿನ ಸಹಕಾರ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿ ಇಲ್ಲ. ಅಲ್ಲಿ ಸಾಲ ತೆಗೆಯುವವರು ಸುಸ್ತಿ ಬಡ್ಡಿಯ ಷರತ್ತನ್ನು ಇನ್ನಷ್ಟು ನಿಧಾನವಾಗಿ ಓದಬೇಕು, ಏಕೆಂದರೆ ಈ ಆದೇಶ ಅಲ್ಲಿ ಅವರ ನೆರವಿಗೆ ಬರುವುದಿಲ್ಲ.

ಬೇಗ ತೀರಿಸಹೊರಟರೆ

ನಮ್ಮ ಅಂಗಡಿಯವರು ಐದು ವರ್ಷ ಕಂತು ಕಟ್ಟಿದ್ದಾರೆ. ಬಡ್ಡಿ ದರ ಬದಲಾಗಿಲ್ಲ ಎಂದುಕೊಂಡರೆ ಅಸಲಿನಲ್ಲಿ ಇನ್ನೂ ಸುಮಾರು 26.6 ಲಕ್ಷ ಉಳಿದಿರುತ್ತದೆ. ಈಗ ಕೈಯಲ್ಲಿ 3 ಲಕ್ಷ ಬಂದಿದೆ, ಸಾಲಕ್ಕೆ ಕಟ್ಟಬೇಕೆಂದಿದ್ದಾರೆ. ಅವಧಿಗೆ ಮುನ್ನ ಕಟ್ಟಿದ್ದಕ್ಕೆ ಬ್ಯಾಂಕ್ ಶುಲ್ಕ ಕೇಳಬಹುದೇ?

ಉತ್ತರ ಪತ್ರದ ಎರಡು ಸಾಲುಗಳಲ್ಲಿದೆ. ಮೊದಲನೆಯದು ಬಡ್ಡಿ ಸ್ಥಿರವೋ ಬದಲಾಗುವಂಥದ್ದೋ ಎಂಬುದು. ವ್ಯಕ್ತಿಗಳು ತೆಗೆದ, ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಬ್ಯಾಂಕುಗಳು ಇಂಥ ಶುಲ್ಕ ಹಾಕುವುದನ್ನು ರಿಸರ್ವ್ ಬ್ಯಾಂಕ್ 2012ರಲ್ಲೇ ನಿಲ್ಲಿಸಿದೆ. ಸ್ಥಿರ ಬಡ್ಡಿಯ ಸಾಲಕ್ಕೆ ಆ ರಕ್ಷಣೆ ಇಲ್ಲ. ಮೊದಲ ಕೆಲವು ವರ್ಷ ಸ್ಥಿರ, ಆಮೇಲೆ ಬದಲಾಗುವ ಬಡ್ಡಿ ಎಂಬ ಸಾಲಗಳೂ ಇವೆ. 2025ರ ಹೊಸ ನಿರ್ದೇಶನದ ಪ್ರಕಾರ, ಹಣ ಕಟ್ಟುವ ದಿನ ಯಾವ ಬಡ್ಡಿ ನಡೆಯುತ್ತಿದೆ ಎಂಬುದರ ಮೇಲೆ ಅಲ್ಲಿ ಶುಲ್ಕ ನಿಂತಿದೆ. ಸ್ಥಿರ ಅವಧಿ ಮುಗಿಯಲು ಎರಡು ತಿಂಗಳಿದ್ದರೆ ಕಾಯುವುದೇ ಲಾಭವಾಗಬಹುದು.

ಎರಡನೆಯದು ಸಾಲದ ಉದ್ದೇಶ. ಅಡವಿಟ್ಟಿರುವುದು ಮನೆಯೇ ಆದರೂ ಅಂಗಡಿಗೆ ಬಂಡವಾಳ ಹಾಕಲು ತೆಗೆದ ಸಾಲ ಗೃಹಸಾಲವಲ್ಲ, ವ್ಯಾಪಾರದ ಸಾಲ. ಇಂಥ ಸಾಲಕ್ಕೆ ಉಳಿದ ಮೊತ್ತದ ಶೇ 4 ಶುಲ್ಕ ಎಂದು ಪತ್ರದಲ್ಲಿದ್ದರೆ, 26.6 ಲಕ್ಷ ಪೂರ್ತಿ ತೀರಿಸಲು 1,06,400 ರೂಪಾಯಿ ಹೆಚ್ಚಿಗೆ ತೆರಬೇಕಾಗುತ್ತದೆ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಲ್ಲಿ ಇದು ಬದಲಾಗಿದೆ. ವ್ಯಕ್ತಿಗಳೂ ಸಣ್ಣ ಉದ್ಯಮಗಳೂ ಬದಲಾಗುವ ಬಡ್ಡಿಗೆ ತೆಗೆದ ವ್ಯಾಪಾರದ ಸಾಲಕ್ಕೂ ವಾಣಿಜ್ಯ ಬ್ಯಾಂಕುಗಳು ಈ ಶುಲ್ಕ ಹಾಕುವಂತಿಲ್ಲ. ಕಿರು ಹಣಕಾಸು ಬ್ಯಾಂಕು, ಗ್ರಾಮೀಣ ಬ್ಯಾಂಕುಗಳ ಮಟ್ಟಿಗೆ ಈ ವಿನಾಯಿತಿ 50 ಲಕ್ಷದವರೆಗಿನ ಸಾಲಕ್ಕೆ ಮಾತ್ರ. ವಿನಾಯಿತಿ ಇರುವ ಕಡೆ ‘ಮೊದಲ ಎರಡು ವರ್ಷ ಮುಂಚಿತವಾಗಿ ಕಟ್ಟುವಂತಿಲ್ಲ’, ‘ಸ್ವಂತ ಹಣದಿಂದ ಕಟ್ಟಿದರೆ ಮಾತ್ರ’ ಎಂಬ ಷರತ್ತುಗಳೂ ನಿಲ್ಲುವುದಿಲ್ಲ. ಹಾಗಾಗಿ ಸಾಲ ಮಂಜೂರಾದ ತಾರೀಕು, ಕೊಟ್ಟ ಸಂಸ್ಥೆ, ಬರೆದ ಉದ್ದೇಶ ಇವನ್ನು ಒಟ್ಟಿಗಿಟ್ಟು ಓದಬೇಕು.

ಶುಲ್ಕವಿಲ್ಲದೆ 3 ಲಕ್ಷ ಕಟ್ಟಿದರೂ ಇನ್ನೊಂದು ತೀರ್ಮಾನ ಉಳಿಯುತ್ತದೆ. ಕಂತು 26,992 ಹಾಗೇ ಇಟ್ಟು ಅವಧಿ ಇಳಿಸಿಕೊಂಡರೆ ಸಾಲ ಮೂರು ವರ್ಷಕ್ಕೂ ಮೊದಲೇ ಮುಗಿದು ಸುಮಾರು 7 ಲಕ್ಷ ಬಡ್ಡಿ ಉಳಿಯುತ್ತದೆ. ಅವಧಿ ಹಾಗೇ ಬಿಟ್ಟು ಕಂತು ಇಳಿಸಿಕೊಂಡರೆ ತಿಂಗಳಿಗೆ ಮೂರು ಸಾವಿರ ಹಗುರವಾಗುತ್ತದೆ, ಆದರೆ ಉಳಿಯುವ ಬಡ್ಡಿ ಎರಡೂವರೆ ಲಕ್ಷದಷ್ಟೇ. ಈ ಆಯ್ಕೆ ಸಾಲಗಾರನಿಗೆ ಇದೆಯೇ ಎಂದು ಪತ್ರದಲ್ಲಿ ನೋಡಿ, ಹಣ ಕಟ್ಟುವಾಗ ಯಾವುದು ಬೇಕೆಂದು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಮನೆ ಕೈತಪ್ಪುವ ಹಾದಿ, ತಡೆಯುವ ಗಡುವು

ಇನ್ನು ಕೆಟ್ಟ ದಿನದ ಮಾತು. ಸಾಲ ತೆಗೆದ ಹೊಸದರಲ್ಲೇ ವ್ಯಾಪಾರ ಬಿದ್ದು ಜನವರಿ 5ರ ಕಂತು ತಪ್ಪಿತು, ಮುಂದಿನವೂ ತಪ್ಪಿದವು ಎಂದುಕೊಳ್ಳಿ. ಏಪ್ರಿಲ್ 5 ದಾಟಿದರೆ 90 ದಿನ ಮೀರಿ ಖಾತೆ ಎನ್‌ಪಿಎ ಆಗುತ್ತದೆ. ಅದಕ್ಕೆ ಮೊದಲೇ ಜನವರಿಯ ಒಂದು ಕಂತಿನಷ್ಟನ್ನಾದರೂ ಕಟ್ಟಿ ಅದು ಹಳೆಯ ಬಾಕಿಗೆ ಜಮೆಯಾದರೆ, ಲೆಕ್ಕ ಫೆಬ್ರುವರಿಯಿಂದ ಶುರುವಾಗಿ ಒಂದು ತಿಂಗಳ ಉಸಿರು ಸಿಗುತ್ತದೆ. ಕಟ್ಟಿದ ಹಣ ಮೊದಲು ಶುಲ್ಕಕ್ಕೋ ಬಡ್ಡಿಗೋ ಅಸಲಿಗೋ ಎಂಬ ಕ್ರಮವೂ ಪತ್ರದಲ್ಲಿ ಇರುತ್ತದೆ. ಶುಲ್ಕಕ್ಕೆ ಮೊದಲು ಹೋಗುವುದಾದರೆ ಅಷ್ಟು ಸೇರಿಸಿಯೇ ಕಟ್ಟಬೇಕು. ಎನ್‌ಪಿಎ ಆದ ಮೇಲೆ ಈ ದಾರಿ ಮುಚ್ಚುತ್ತದೆ. ಆಗ ಖಾತೆ ಸರಿಹೋಗಲು ಬಾಕಿ ಪೂರ್ತಿ ತೀರಬೇಕು. ಏಪ್ರಿಲ್ ಕಂತೂ ಸೇರಿ ಅದು 1,07,968 ರೂಪಾಯಿ, ಜೊತೆಗೆ ದಂಡ.

ಆ ನಂತರ ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆಯ 13(2)ನೇ ವಿಧಿಯ ನೋಟಿಸ್ ಕೊಡಬಹುದು. ಈ ಕಾಯ್ದೆಯಲ್ಲಿ ಅಡವಿಟ್ಟ ಮನೆ ಹರಾಜು ಹಾಕಲು ಬ್ಯಾಂಕ್ ಸಿವಿಲ್ ಕೋರ್ಟಿಗೆ ಹೋಗಬೇಕಿಲ್ಲ. ಕೃಷಿ ಜಮೀನಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ನೋಟಿಸಿನಲ್ಲಿ ಕೇಳುವುದು ಬಾಕಿ ಕಂತುಗಳನ್ನಲ್ಲ, ಪೂರ್ತಿ ಸಾಲವನ್ನು. ಅದಕ್ಕೆ 60 ದಿನ ಗಡುವು. ಆಕ್ಷೇಪಣೆ ಇದ್ದರೆ ಆ ಅವಧಿಯಲ್ಲೇ ಲಿಖಿತವಾಗಿ ಕೊಡಬೇಕು. ದಂಡ ತಪ್ಪಾಗಿ ಎಣಿಸಿದ್ದಾರೆ, ಕಟ್ಟಿದ ಕಂತು ಜಮೆಯಾಗಿಲ್ಲ ಎಂಬಂಥ ಮಾತುಗಳಿಗೆ ಇದೇ ಜಾಗ. ಒಪ್ಪದಿದ್ದರೆ ಕಾರಣ ತಿಳಿಸಿ ಬ್ಯಾಂಕ್ 15 ದಿನದೊಳಗೆ ಉತ್ತರಿಸಬೇಕು. ಹಣ ಕಟ್ಟದೆ 60 ದಿನ ಕಳೆದರೆ ಸ್ವಾಧೀನದ ನೋಟಿಸ್ ಮನೆಯ ಮೇಲೆ ಅಂಟುತ್ತದೆ, ಪತ್ರಿಕೆಯಲ್ಲೂ ಬರುತ್ತದೆ. ಅದರ ವಿರುದ್ಧ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನವಿದೆ. ಕರ್ನಾಟಕದವರಿಗೆ ಅದು ಬೆಂಗಳೂರಿನಲ್ಲಿದೆ.

ಸಾಲ ತೀರಿಸಿ ಮನೆ ಬಿಡಿಸಿಕೊಳ್ಳುವ ಹಕ್ಕು ಎಲ್ಲಿಯವರೆಗೆ ಇರುತ್ತದೆ ಎಂಬುದರಲ್ಲಿ ಹಲವರು ಎಡವುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಈ ಹಕ್ಕನ್ನು ಬಹಳ ದೊಡ್ಡದಾಗಿ ಕಾಪಾಡಿದೆ. ಆ ನೆನಪಿನಲ್ಲೇ ‘ಹರಾಜಿನ ದಿನದವರೆಗೂ ಕಾಲವಿದೆ’ ಎಂದು ನಂಬಿ ಕೂರುವವರಿದ್ದಾರೆ. ಆದರೆ ಸರ್ಫೇಸಿ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಹರಾಜಿನ ಪ್ರಕಟಣೆ ಹೊರಬಿದ್ದ ಕೂಡಲೇ ಈ ಕಾಯ್ದೆಯಡಿ ಬಿಡಿಸಿಕೊಳ್ಳುವ ಹಕ್ಕು ಮುಗಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಸೆಲಿರ್ ಮತ್ತು ಬಾಫ್ನಾ ಮೋಟರ್ಸ್ ಪ್ರಕರಣದಲ್ಲಿ ಹೇಳಿತು. ಹಣ ಹೊಂದಿಸುವುದಿದ್ದರೆ ಪ್ರಕಟಣೆಗೆ ಮೊದಲೇ ಹೊಂದಿಸಬೇಕು. ಹರಾಜೇ ನಡೆದು ಬಾಕಿಗಿಂತ ಹೆಚ್ಚು ಹಣ ಬಂದರೆ, ಖರ್ಚು ಕಳೆದು ಉಳಿದದ್ದು ಅದಕ್ಕೆ ಹಕ್ಕುಳ್ಳವರಿಗೆ, ಬೇರೆ ಹಕ್ಕುದಾರರಿಲ್ಲದಿದ್ದರೆ ಸಾಲಗಾರನಿಗೆ, ಸಲ್ಲಬೇಕು.

ಈ ಗಡುವುಗಳೆಲ್ಲ ನೋಟಿಸಿನಿಂದ ಶುರುವಾಗುವುದರಿಂದ ಪತ್ರದಲ್ಲಿರುವ ವಿಳಾಸದ ಷರತ್ತು ಬಹಳ ಮುಖ್ಯ. ಕೊಟ್ಟ ವಿಳಾಸಕ್ಕೆ ಕಳಿಸಿದರೆ ತಲುಪಿದಂತೆಯೇ ಎಂದು ಅಲ್ಲಿ ಬರೆದಿರುತ್ತದೆ. ಬಾಡಿಗೆ ಮನೆಯ ವಿಳಾಸ ಕೊಟ್ಟು ಸಾಲ ತೆಗೆದು, ಕೊಂಡ ಮನೆಗೆ ಬಂದ ಮೇಲೆ ಅದನ್ನು ಬದಲಿಸದಿದ್ದರೆ 60 ದಿನದಲ್ಲಿ ಅರ್ಧ ಗೊತ್ತಾಗದೆಯೇ ಕಳೆದುಹೋಗುತ್ತದೆ.

ಓದಲು ಸಮಯ ಎಲ್ಲಿ?

ಸಮಯ ಕೇಳುವುದು ಸಾಲಗಾರನ ಹಕ್ಕು. 2024ರ ಅಕ್ಟೋಬರ್‌ನಿಂದ ಇಂಥ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಸಾರಾಂಶ ಪತ್ರವನ್ನು ಮೊದಲೇ ಕೊಡಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಬೇಕೆಂದು ಕೇಳಿ. ಕೊಟ್ಟ ಮೇಲೆ ಕನಿಷ್ಠ ಮೂರು ಕೆಲಸದ ದಿನ ಆ ಷರತ್ತುಗಳಿಗೆ ಬ್ಯಾಂಕ್ ಬದ್ಧವಾಗಿರಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ. ಮೂಲ ಪತ್ರ ಇನ್ನೊಂದು ಮಾತು ಹೇಳುತ್ತಿದ್ದರೆ ಸಹಿಗೆ ಮುನ್ನವೇ ತಿದ್ದಿಸಿ, ಎಲ್ಲ ಅನುಬಂಧಗಳ ಸಮೇತ ಪ್ರತಿ ಪಡೆಯಿರಿ. ಆಮೇಲೆ ತಕರಾರು ಬಂದು, ದೂರು ಕೊಟ್ಟ 30 ದಿನದಲ್ಲಿ ಬ್ಯಾಂಕ್ ಸರಿಪಡಿಸದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು.

ಕೊನೆಯ ಕಂತು ಕಟ್ಟಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕ್ ಕ್ರಯಪತ್ರವೂ ಸೇರಿ ಎಲ್ಲ ಮೂಲ ದಾಖಲೆಗಳನ್ನು ಮರಳಿಸಬೇಕು; ತನ್ನ ತಪ್ಪಿನಿಂದ ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಅಡಮಾನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ಅಲ್ಲೇ ನೋಂದಣಿಯಾಗಬೇಕು. ಅದಾದ ಮೇಲೆ ಹೊಸ ಋಣಭಾರ ಪ್ರಮಾಣಪತ್ರ ತೆಗೆಸಿ, ಬಿಡುಗಡೆ ಅದರಲ್ಲಿ ನಮೂದಾಗಿದೆಯೇ ನೋಡಿ. ನಮೂದಾಗಿರದಿದ್ದರೆ ಮುಂದೆ ಮನೆ ಮಾರುವಾಗಲೋ ಮಕ್ಕಳ ಹೆಸರಿಗೆ ಮಾಡುವಾಗಲೋ, ಎಂದೋ ತೀರಿದ ಸಾಲ ಮತ್ತೆ ಅಡ್ಡ ಬರುತ್ತದೆ.